ಪೇಪರಿನಲ್ಲಿ ಯಾರ ಹೆಸರು ಎಲ್ಲಿ? ಕಳಿಸುವ ಮುಂಚೆ ಕೂತು ಬಗೆಹರಿಸಿಕೊಳ್ಳುವ ಬಗೆ

ಬಾಗೇಪಲ್ಲಿ, ಗುಡಿಬಂಡೆ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ ಅನ್ನುವುದು ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಒಂದು ಕಾಲೇಜಿನ ಕೆಮಿಸ್ಟ್ರಿ ವಿಭಾಗ ಇದರ ಮೇಲೆ ಪೇಪರ್ ಬರೆಯುತ್ತಿದೆ ಅಂದುಕೊಳ್ಳಿ. ಪಿಎಚ್‌ಡಿ ಮಾಡುತ್ತಿರುವ ಹುಡುಗಿ 60 ಕೊಳವೆಬಾವಿಗಳಿಂದ ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ನೀರು ತಂದಿದ್ದಾಳೆ. ಒಟ್ಟು 120 ಬಾಟಲಿ. ಲ್ಯಾಬ್ ಟೆಕ್ನಿಷಿಯನ್ ಅಳತೆ ಮಾಡಿದ್ದಾರೆ. ಭೂಗೋಳದ ಮೇಷ್ಟ್ರು ನಕ್ಷೆ ಮಾಡಿಕೊಟ್ಟಿದ್ದಾರೆ. ಗೈಡ್ ಪ್ರಶ್ನೆ ಹಾಕಿಕೊಟ್ಟು ದಾರಿ ತೋರಿಸಿದ್ದಾರೆ. ವಿಭಾಗದ ಮುಖ್ಯಸ್ಥರು ಲ್ಯಾಬ್ ಬಿಟ್ಟುಕೊಟ್ಟಿದ್ದಾರೆ. ಯಾವ ಬಾವಿ ಎಷ್ಟು ಆಳ ಅಂತ ಹೇಳಿ ಜೊತೆಗೆ ಸುತ್ತಿದವರು ಪಂಚಾಯ್ತಿ ನೀರಗಂಟಿ.

ಈಗ ಹೆಸರು ಬರೆಯುವ ಹೊತ್ತು. ಯಾರ ಯಾರದ್ದು, ಯಾವ ಸಾಲಿನಲ್ಲಿ?

ಮೊದಲು ಕೆಲಸಗಳ ಪಟ್ಟಿ, ಆಮೇಲೆ ಹೆಸರು

ಒಂದು ಹಾಳೆಯಲ್ಲಿ ಹೆಸರುಗಳನ್ನು ಬರೆದುಕೊಂಡು ಶುರು ಮಾಡಬೇಡಿ. ಹಾಗೆ ಮಾಡಿದರೆ ಮಾತು ಕೂಡಲೇ ಹಿರಿಯರು ಕಿರಿಯರು ಅನ್ನುವ ಕಡೆ ತಿರುಗುತ್ತದೆ. ಬದಲಿಗೆ ಕೆಲಸಗಳನ್ನು ಬರೆಯಿರಿ: ಪ್ರಶ್ನೆ ಹುಟ್ಟಿದ್ದು, ಬಾವಿ ಆರಿಸಿದ್ದು, ನೀರು ತಂದದ್ದು, ಅಳೆದದ್ದು, ಲೆಕ್ಕ, ನಕ್ಷೆ, ಮೊದಲ ಕರಡು, ತಿದ್ದುವುದು. ಹೆಸರಿನ ಜಾಗ ಖಾಲಿ ಇರಲಿ. ಅದನ್ನು ಎಲ್ಲರಿಗೂ ಕೊಟ್ಟು, ಒಬ್ಬರಿಗೊಬ್ಬರು ತೋರಿಸದೆ ತುಂಬಲು ಹೇಳಿ. ಆಮೇಲೆ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 'ಬಾವಿ ಆರಿಸಿದ್ದು' ಎಂಬುದರ ಮುಂದೆ ಇಬ್ಬರು ತಮ್ಮತಮ್ಮ ಹೆಸರು ಬರೆದಿದ್ದರೆ, ಮಾತಾಡಬೇಕಾದ ಜಾಗ ಅದೇ. ಉಳಿದದ್ದಕ್ಕೆ ಸಾಮಾನ್ಯವಾಗಿ ಜಗಳವೇ ಇರುವುದಿಲ್ಲ.

ಒಳಗೆ ಯಾರು, ಹೊರಗೆ ಯಾರು

ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ (ಐಸಿಎಂಜೆಇ) ಹಾಕಿದ ನಾಲ್ಕು ಷರತ್ತುಗಳನ್ನು ಬೇರೆ ವಿಷಯದ ಪತ್ರಿಕೆಗಳೂ ಬಳಸುತ್ತವೆ. ಒಂದು, ಯೋಜನೆಯಲ್ಲೋ ಮಾಹಿತಿ ಸಂಗ್ರಹದಲ್ಲೋ ವಿಶ್ಲೇಷಣೆಯಲ್ಲೋ ಗಟ್ಟಿ ಪಾಲು ಇರಬೇಕು. ಎರಡು, ಕರಡು ಬರೆದಿರಬೇಕು ಅಥವಾ ವಿಷಯ ತಿಳಿದು ತಿದ್ದಿರಬೇಕು. ಮೂರು, ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು. ನಾಲ್ಕು, ಪೇಪರಿನ ಬಗ್ಗೆ ಪ್ರಶ್ನೆ ಬಂದರೆ ಹೊಣೆ ಹೊರಬೇಕು. ನಾಲ್ಕೂ ಇದ್ದರೆ ಲೇಖಕರು. ಇಲ್ಲದವರಿಗೆ ಕೃತಜ್ಞತೆಯ ಭಾಗ.

ತುಂಬ ಜನ ಎಡವುವುದು ಟೆಕ್ನಿಷಿಯನ್ ವಿಷಯದಲ್ಲಿ. 'ಅವರು ಬರೆದಿಲ್ಲವಲ್ಲ, ಎರಡನೇ ಷರತ್ತು ಇಲ್ಲ' ಅಂತ ಕೈಬಿಡುತ್ತಾರೆ. ಆದರೆ ಅವರಿಗೆ ಕರಡು ಕೊಟ್ಟವರು ಯಾರು? ಮೊದಲ ಷರತ್ತು ಮುಟ್ಟಿದವರಿಗೆ ಕರಡು ಓದುವ, ತಿದ್ದುವ, ಒಪ್ಪುವ ಅವಕಾಶ ಕೊಡಲೇಬೇಕು ಅಂತ ಅದೇ ಸಮಿತಿ ಹೇಳುತ್ತದೆ. ಅವಕಾಶ ಕೊಡದೆ, ಅರ್ಹತೆ ಇಲ್ಲ ಅನ್ನುವುದು ತಪ್ಪು.

ಹಾಗಾದರೆ ಅಳೆದವರೆಲ್ಲ ಲೇಖಕರಾ? ಅಲ್ಲ. ಬಾಟಲಿ ತೆಗೆದುಕೊಂಡು, ಯಂತ್ರ ತೋರಿಸಿದ ಅಂಕಿ ಬರೆದುಕೊಟ್ಟರೆ ಅದು ಸೇವೆ. ನಮ್ಮ ಟೆಕ್ನಿಷಿಯನ್ ಅಷ್ಟಕ್ಕೇ ನಿಲ್ಲಲಿಲ್ಲ. ಒಂದು ದಿನ 14 ಬಾಟಲಿಗಳ ಅಂಕಿ ಒಟ್ಟಿಗೆ ಕಡಿಮೆ ಬಂದದ್ದು ಅವರಿಗೆ ಅನುಮಾನ ತಂತು. ನೀರಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಇದ್ದರೆ ಅವು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತವೆ. ಅಳೆಯುವ ಎಲೆಕ್ಟ್ರೋಡಿಗೆ ಅದು ಕಾಣುವುದಿಲ್ಲ. ಅದನ್ನು ಬಿಡಿಸಲಿಕ್ಕೇ ಟಿಸ್ಯಾಬ್ ಅನ್ನುವ ಬಫರ್ ಹಾಕುವುದು. ಅವತ್ತಿನ ಬಫರ್ ಸರಿಯಿಲ್ಲ ಅಂತ ಕಂಡುಹಿಡಿದು, ಹೊಸದು ಮಾಡಿ, 14ನ್ನೂ ಮತ್ತೆ ಅಳೆದರು. ಲೀಟರಿಗೆ 1.5 ಮಿಲಿಗ್ರಾಂ ಮಿತಿಯೊಳಗೆ ಇದ್ದಂತೆ ಕಂಡ ಕೆಲವು ಬಾವಿಗಳು ಆಗ ಮಿತಿ ದಾಟಿದವು. ಪೇಪರಿನ ತೀರ್ಮಾನವೇ ಇದರ ಮೇಲೆ ನಿಂತಿದೆ, ಅಲ್ವಾ? ಇಂಥವರಿಗೆ ಕರಡು ಕೊಡಿ. ಇಂಗ್ಲಿಷ್ ಕಷ್ಟ ಅಂದರೆ ವಿಧಾನದ ಭಾಗವನ್ನು ಎದುರಿಗೆ ಕೂತು ಓದಿ ಹೇಳಿ, ಅವರು ಹೇಳುವ ತಿದ್ದುಪಡಿ ಬರೆದುಕೊಳ್ಳಿ.

ಮುಖ್ಯಸ್ಥರದ್ದು ಸೂಕ್ಷ್ಮ. ಜಾಗ, ಹಣ, ಸಾಮಾನ್ಯ ಮೇಲ್ವಿಚಾರಣೆ, ಇವಷ್ಟೇ ಇದ್ದರೆ ಲೇಖಕರಾಗುವುದಿಲ್ಲ. ಕರಡು ಓದಿಸಿಬಿಟ್ಟರೂ ಮೊದಲ ಷರತ್ತು ತುಂಬುವುದಿಲ್ಲ. ಅನುಮಾನವಿದ್ದರೆ ಒಂದು ಪ್ರಶ್ನೆ ಸಾಕು: ವಿಮರ್ಶಕರು ಯಾವ ಟೇಬಲ್ ಬಗ್ಗೆ ಕೇಳಿದರೆ ಇವರು ಉತ್ತರ ಕೊಡುತ್ತಾರೆ? ಯಾವುದೂ ಇಲ್ಲವಾದರೆ ಗೈಡೇ ಹೋಗಿ, 'ಸರ್, ಪತ್ರಿಕೆಯವರು ಪ್ರತಿಯೊಬ್ಬರ ಪಾಲು ಬರೆದು ಕೊಡಿ ಅಂತಾರೆ, ಲ್ಯಾಬ್ ಕೊಟ್ಟದ್ದಕ್ಕೆ ಕೃತಜ್ಞತೆಯಲ್ಲಿ ನಿಮ್ಮ ಹೆಸರು ಹಾಕ್ತೀವಿ' ಅಂತ ಹೇಳಬೇಕು. ಆ ಮಾತನ್ನು ವಿದ್ಯಾರ್ಥಿನಿಯ ಮೇಲೆ ಹಾಕಬಾರದು.

ಸುಮ್ನೆ ಒಂದು ಹೆಸರು ಸೇರಿಸಿದರೆ ಏನು ನಷ್ಟ ಅನ್ನುವವರು ಯುಜಿಸಿಯ 2018ರ ನಿಯಮ ನೋಡಬೇಕು. ಇಬ್ಬರೇ ಲೇಖಕರಿದ್ದರೆ ಪೇಪರಿನ ಅಂಕದಲ್ಲಿ ಇಬ್ಬರಿಗೂ ಶೇ 70. ಇಬ್ಬರಿಗಿಂತ ಜಾಸ್ತಿ ಇದ್ದರೆ ಮೊದಲ, ಪ್ರಧಾನ ಅಥವಾ ಕರೆಸ್ಪಾಂಡಿಂಗ್ ಲೇಖಕರಿಗೆ ಶೇ 70, ಉಳಿದ ಪ್ರತಿಯೊಬ್ಬರಿಗೆ ಶೇ 30. ಇಬ್ಬರು ದುಡಿದ ಪೇಪರಿಗೆ ಮರ್ಯಾದೆಗೆಂದು ಮೂರನೇ ಹೆಸರು ಸೇರಿಸಿದ ಕೂಡಲೇ, ದುಡಿದವರಲ್ಲೊಬ್ಬರು 70ರಿಂದ 30ಕ್ಕೆ ಇಳಿಯಬಹುದು.

ಸಾಲಿನ ಕ್ರಮ

ಗಣಿತ, ಅರ್ಥಶಾಸ್ತ್ರದಲ್ಲಿ ಹೆಚ್ಚಾಗಿ ಅಕ್ಷರಮಾಲೆಯ ಕ್ರಮ. ಲ್ಯಾಬ್ ವಿಷಯಗಳಲ್ಲಿ ಹಾಗಲ್ಲ: ಹೆಚ್ಚು ಕೆಲಸ ಮಾಡಿ ಮೊದಲ ಕರಡು ಬರೆದವರು ಮೊದಲು, ಗೈಡ್ ಕೊನೆಗೆ. ಇಲ್ಲಿ ವಿದ್ಯಾರ್ಥಿನಿ ಮೊದಲು ಅನ್ನುವುದರಲ್ಲಿ ತಕರಾರಿಲ್ಲ. ಕಷ್ಟ ನಡುವಿನವರದ್ದು. ಟೆಕ್ನಿಷಿಯನ್ನೋ, ಭೂಗೋಳದ ಮೇಷ್ಟ್ರೋ? ಒಬ್ಬೊಬ್ಬರ ಕೆಲಸವನ್ನು ತೆಗೆದುಹಾಕಿ ನೋಡಿ. ನಕ್ಷೆ ತೆಗೆದರೆ ಒಂದು ಚಿತ್ರ ಹೋಗುತ್ತದೆ, ಅಂಕಿಗಳು ಉಳಿಯುತ್ತವೆ. ಮರು ಅಳತೆ ತೆಗೆದರೆ ತೀರ್ಮಾನವೇ ತಪ್ಪು. ಹಾಗಾಗಿ ಟೆಕ್ನಿಷಿಯನ್ ಎರಡನೆಯವರು. ಮೇಷ್ಟ್ರು ನಕ್ಷೆಯ ಜೊತೆ, ಫ್ಲೋರೈಡ್ ಯಾವ ಕಡೆ ಯಾಕೆ ಜಾಸ್ತಿ ಅಂತ ವಿಶ್ಲೇಷಣೆಯನ್ನೂ ಬರೆದಿದ್ದರೆ ಲೆಕ್ಕ ತಿರುಗಬಹುದು. ನಿಜಕ್ಕೂ ಸಮ ಅನ್ನಿಸಿದರೆ ಹೆಸರಿನ ಮೇಲೆ ಗುರುತು ಹಾಕಿ, ಇಬ್ಬರ ಪಾಲೂ ಸಮ ಅಂತ ಅಡಿಯಲ್ಲಿ ಬರೆಯಬಹುದು.

ಕರೆಸ್ಪಾಂಡಿಂಗ್ ಲೇಖಕರು ಯಾರು ಅನ್ನುವುದನ್ನೂ ಈಗಲೇ ತೀರ್ಮಾನಿಸಿ. ಎರಡು ವರ್ಷ ಬಿಟ್ಟು ಯಾರಾದರೂ ಪತ್ರ ಬರೆದರೂ ಉತ್ತರ ಕೊಡುವವರು ಬೇಕು. ವಿದ್ಯಾರ್ಥಿನಿ ಕಾಲೇಜು ಬಿಟ್ಟು ಹೋಗುವವಳಾದ್ದರಿಂದ ಇಲ್ಲಿ ಗೈಡ್ ಆಗುವುದು ಸರಿ.

ಬರಹದಲ್ಲಿ ಇಡಿ

ಪೇಪರಿನಲ್ಲಿ ಯಾರು ಯಾವ ಕೆಲಸ ಮಾಡಿದರು ಅಂತ ಹೇಳುವ ಕ್ರೆಡಿಟ್ ಅನ್ನುವ ಪಟ್ಟಿಯಲ್ಲಿ 14 ಪಾತ್ರಗಳಿವೆ. ತುಂಬ ಪತ್ರಿಕೆಗಳು ಪೇಪರ್ ಹಾಕುವಾಗ ಇದನ್ನೇ ಕೇಳುತ್ತವೆ. ನಿಮ್ಮ ಕೆಲಸಗಳ ಹಾಳೆ ಇದ್ದರೆ ತುಂಬುವುದು ಐದು ನಿಮಿಷದ ಮಾತು: ಟೆಕ್ನಿಷಿಯನ್‌ಗೆ `Investigation` ಮತ್ತು `Validation`, ಮೇಷ್ಟ್ರಿಗೆ `Visualization`, ವಿದ್ಯಾರ್ಥಿನಿಗೆ `Writing – original draft`, ಹೀಗೆ.

ಒಪ್ಪಿದ ಕ್ರಮವನ್ನು ಎಲ್ಲರಿಗೂ ಒಂದೇ ಇಮೇಲ್‌ನಲ್ಲಿ ಕಳಿಸಿ, ಎಲ್ಲರಿಂದಲೂ 'ಒಪ್ಪಿದೆ' ಅಂತ ಉತ್ತರ ತರಿಸಿಕೊಳ್ಳಿ. ನನ್ನ ಮೊದಲ ಪೇಪರಿನ ಕರಡಿನಲ್ಲಿ ನನ್ನ ಹೆಸರು ಎರಡನೆಯದಾಗಿತ್ತು. ಅಚ್ಚಾಗಿ ಬಂದಾಗ ನಾಲ್ಕನೆಯದು. ಕೇಳಲು ನನ್ನ ಹತ್ತಿರ ಒಂದು ಸಾಲಿನ ಬರಹವೂ ಇರಲಿಲ್ಲ. ಆ ನೋವು ಇನ್ನೂ ಇದೆ.

ಆ ಇಮೇಲ್‌ನಲ್ಲೇ ಇನ್ನೊಂದು ಸಾಲು ಇರಲಿ: ವಿಮರ್ಶಕರು ಹೊಸ ಕೆಲಸ ಕೇಳಿದರೆ ಮತ್ತೆ ಕೂರೋಣ. ಇನ್ನೂ 20 ಬಾವಿ ಅಳೆಯಿರಿ ಅಂತ ಅವರು ಹೇಳಿ, ಅದನ್ನು ಹೊಸಬರೊಬ್ಬರು ಮಾಡಿದರೆ ಕ್ರಮ ಬದಲಾಗಬೇಕಾಗುತ್ತದೆ. ಪೇಪರ್ ಹಾಕಿದ ಮೇಲೆ ಹೆಸರು ಸೇರಿಸಲು, ತೆಗೆಯಲು, ಹಿಂದುಮುಂದು ಮಾಡಲು ಪತ್ರಿಕೆಗಳು ಸಾಮಾನ್ಯವಾಗಿ ಕಾರಣ ಮತ್ತು ಎಲ್ಲ ಲೇಖಕರ ಲಿಖಿತ ಒಪ್ಪಿಗೆ ಕೇಳುತ್ತವೆ. ತೆಗೆಯುತ್ತಿರುವವರ ಒಪ್ಪಿಗೆಯೂ ಅದರಲ್ಲಿ ಸೇರಿದೆ.

ಉಳಿದವರು ನೀರಗಂಟಿ. ಅವರ ಹೆಸರು ಕೃತಜ್ಞತೆಯಲ್ಲಿ ಬರಬೇಕು. ಆದರೆ ಕೇಳಿಯೇ ಹಾಕಿ. ತಮ್ಮ ಊರಿನ ಬಾವಿ ಕೆಟ್ಟದ್ದು ಅನ್ನುವ ಪೇಪರಿನಲ್ಲಿ ಹೆಸರು ಬರುವುದು ಅವರಿಗೆ ಬೇಡವಾಗಿರಬಹುದು. ಸರಿ ಅಂದರೆ, ಇನಿಷಿಯಲ್ ಮುಂದೆಯೋ ಹಿಂದೆಯೋ ಅಂತ ಕೇಳಿ, ಅವರ ಕೈಯಿಂದಲೇ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ.