ಕೆಂಪು ಮಾತ್ರ ಉಳಿದ ಕಾಮನಬಿಲ್ಲು

ಮಳೆಗಾಲದಲ್ಲಿ ಕಾಮನಬಿಲ್ಲಿನ ಫೋಟೋ ತೆಗೆಯಲು ಮುಂಬಯಿಯ ದಾದರಿನ ನಮ್ಮ ಕಟ್ಟಡದ ಟೆರೇಸಿಗೆ ಹೋದಾಗ ನಾನು ಮೊದಲು ನೋಡುವುದು ನನ್ನ ನೆರಳನ್ನು. ಅದು ನನಗಿಂತ ಗಿಡ್ಡವಾಗಿದ್ದರೆ ಕ್ಯಾಮೆರಾ ಚೀಲದಲ್ಲೇ ಉಳಿಯುತ್ತದೆ.

ಮಳೆಹನಿಯನ್ನು ಹೊಕ್ಕ ಬಿಸಿಲು ಬಾಗುತ್ತದೆ, ಹನಿಯ ಹಿಂಬದಿಗೆ ತಾಗಿ ಮರಳುತ್ತದೆ, ಹೊರಬರುವಾಗ ಇನ್ನೊಮ್ಮೆ ಬಾಗುತ್ತದೆ. ಹೀಗೆ ಮರಳಿದ ಕೆಂಪು ಬೆಳಕು ನಮಗೆ ದಟ್ಟವಾಗಿ ಸಿಗುವುದು ನಮ್ಮ ತಲೆಯ ನೆರಳು ಬೀಳುವ ದಿಕ್ಕಿನಿಂದ 42 ಡಿಗ್ರಿ ಆಚೆ. ನೇರಳೆ ಸುಮಾರು 40 ಡಿಗ್ರಿಯಲ್ಲಿ, ಒಳಬದಿಗೆ. ಆದ್ದರಿಂದ ಸೂರ್ಯ 42 ಡಿಗ್ರಿಗಿಂತ ಮೇಲಿದ್ದರೆ ಇಡೀ ಬಿಲ್ಲು ದಿಗಂತದ ಕೆಳಗೇ ಉಳಿಯುತ್ತದೆ. ಮುಂಬಯಿಯಲ್ಲಿ ಜುಲೈ ನಡುವಿನಲ್ಲಿ ಸೂರ್ಯ ಅಷ್ಟು ಇಳಿಯುವಾಗ ಸಂಜೆ ನಾಲ್ಕು ದಾಟಿರುತ್ತದೆ. ಸೆಪ್ಟೆಂಬರ್ ಕೊನೆಗೆ ಮೂರೂವರೆ ಸಾಕು.

ನಾನು ಕಾಯುವುದು ಮಾತ್ರ ಸೂರ್ಯ ಮುಳುಗುವ ಹೊತ್ತಿನ ಬಿಲ್ಲಿಗೆ. ಆಗ ಅದು ಪೂರ್ತಿ ಅರ್ಧವೃತ್ತ. ತೋಳು ಚಾಚಿ ದಿಗಂತದಿಂದ ಮೇಲಕ್ಕೆ ಅಳೆದರೆ ನೆತ್ತಿ ಹೆಚ್ಚುಕಡಿಮೆ ಎರಡು ಗೇಣು ಎತ್ತರದಲ್ಲಿರುತ್ತದೆ.

ಸೆಪ್ಟೆಂಬರಿನ ಒಂದು ಸಂಜೆ ಮಳೆ ನಮ್ಮನ್ನು ದಾಟಿ ಪೂರ್ವಕ್ಕೆ, ಶಿವಡಿಯ ಕಡೆಗೆ, ಸರಿದಿತ್ತು. ಪಶ್ಚಿಮದಲ್ಲಿ ಸಮುದ್ರಕ್ಕೂ ಮೋಡಕ್ಕೂ ನಡುವೆ ಸಣ್ಣ ಸಂದು. ಮಳೆಗಾಲದ ಅರಬ್ಬೀ ಸಮುದ್ರ ಇಂಥ ಸಂದು ಕೊಡುವುದೇ ಅಪರೂಪ! ಬಿಲ್ಲಿನಲ್ಲಿ ಮೊದಲು ಎಲ್ಲ ಬಣ್ಣಗಳೂ ಇದ್ದವು. ಸೂರ್ಯ ಇಳಿದಂತೆ ಒಳಬದಿಯಿಂದ ನೇರಳೆ ಮಾಸಿತು, ನೀಲಿ ಹೋಯಿತು, ಹಸಿರು ಕೊಳಕು ಹಳದಿಯಾಯಿತು. ಕೊನೆಗೆ ಉಳಿದದ್ದು ಇಟ್ಟಿಗೆ ಬಣ್ಣದ ಒಂದೇ ಪಟ್ಟಿ.

ಹನಿಗಳ ಕೆಲಸ ಬದಲಾಗಿರಲಿಲ್ಲ, ಅವುಗಳಿಗೆ ಬಂದ ಬೆಳಕೇ ಬದಲಾಗಿತ್ತು. ಗಾಳಿಯ ಅಣುಗಳು ಕೆಂಪಿಗಿಂತ ನೀಲಿಯನ್ನು ಸುಮಾರು ನಾಲ್ಕು ಪಟ್ಟು ಹೆಚ್ಚು ಚದುರಿಸುತ್ತವೆ. ಹಗಲಿನ ಆಕಾಶ ನೀಲಿಯಾಗಿ ಕಾಣುವುದು ಈ ಚದುರಿದ ಬೆಳಕಿನಿಂದ. ದಿಗಂತದಲ್ಲಿರುವ ಸೂರ್ಯನ ಬೆಳಕು ನೆತ್ತಿಯ ಮೇಲಿಂದ ಬರುವುದಕ್ಕಿಂತ 38 ಪಟ್ಟಿನಷ್ಟು ಗಾಳಿಯನ್ನು ಹಾಯಬೇಕು. ದಾರಿಯಲ್ಲೇ ನೀಲಿ ಸೋರಿಹೋಗಿ ಕೆಂಪು ಉಳಿಯುತ್ತದೆ. ಹನಿಗಳಿಗೆ ಬರದ ನೀಲಿಯನ್ನು ಅವು ತೋರಿಸುವುದಾದರೂ ಎಲ್ಲಿಂದ?

ಈ ಬಿಲ್ಲಿನ ಫೋಟೋ ಕೆಡಿಸುವುದು ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್. ಕೆಂಪು ಹೆಚ್ಚಾಯಿತೆಂದು ಅದು ತಾನೇ ತಿದ್ದುತ್ತದೆ, ಬಿಲ್ಲು ಬಿಳಿಚಿಕೊಳ್ಳುತ್ತದೆ. ನಾನು ಡೇಲೈಟ್‌ಗೆ, ಸುಮಾರು 5500 ಕೆಲ್ವಿನ್‌ಗೆ, ಕಟ್ಟಿಹಾಕುತ್ತೇನೆ. ಪೋಲರೈಸರ್ ಫಿಲ್ಟರ್ ಹಾಕಿದ್ದರೆ ತಿರುಗಿಸುತ್ತ ಕಣ್ಣಿಟ್ಟಿರಬೇಕು. ಕಾಮನಬಿಲ್ಲಿನ ಬೆಳಕು ಧ್ರುವೀಕರಣಗೊಂಡಿರುತ್ತದೆ, ಅಂದರೆ ಅದರ ಅಲೆಗಳು ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ; ಫಿಲ್ಟರಿನ ಒಂದು ಕೋನದಲ್ಲಿ ಬಿಲ್ಲಿನ ನೆತ್ತಿಯೇ ಅಳಿಸಿಹೋಗುತ್ತದೆ. ಇನ್ನು ಲೆನ್ಸು: ಒಂದು ಕಾಲಿನಿಂದ ಇನ್ನೊಂದು ಕಾಲಿಗೆ 84 ಡಿಗ್ರಿ ಅಗಲವಿರುವುದರಿಂದ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 20 ಮಿ.ಮೀ. ಲೆನ್ಸಿಗೂ ಬಿಲ್ಲು ಅಂಚಿಗೆ ಅಂಚು ತಾಗುತ್ತದೆ. ನಾನು 16 ಮಿ.ಮೀ. ಹಾಕುತ್ತೇನೆ, ಬುಡದ ಕಟ್ಟಡಗಳೂ ಸಿಗುತ್ತವೆ.