ಪ್ರಮೋಶನ್ ಆತು, ಸರ್ಟಿಫಿಕೇಟ್ ಬಂತು, ಬಯೋ ಮಾತ್ರ ಹಳೇದೇ: ತಿದ್ದೋ ರೂಢಿ ಹಾಕ್ಕೊಳ್ಳೋದು ಹೆಂಗ?

ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ. ಆ ವಾರದಾಗ ಗಿಣಿಗೇರಾ, ತೋರಣಗಲ್ಲು ಕಡೆ ಫ್ಯಾಕ್ಟರಿ ಇಂಜಿನಿಯರ್‌ಗಳನ್ನ ಐಟಿಐ, ಪಾಲಿಟೆಕ್ನಿಕ್‌ನವರು ಮಾತಾಡೋಕೆ ಕರೀತಾರ. ನಿರೂಪಣೆ ಮಾಡೋ ಹುಡುಗಿ ಚೀಟಿ ನೋಡ್ಕೊಂಡು ಅತಿಥಿ ಪರಿಚಯ ಓದ್ತಾಳ, ಅದರಾಗ ಇರೋದು ಅತಿಥಿ ಬಿಟ್ಟು ಬಂದ ಹುದ್ದೆ, ಅವರು ಈಗ ಮಾಡದೇ ಇರೋ ಕೆಲಸ. ಹುಡುಗಿ ತಪ್ಪಿಲ್ಲ, ಯಾವಾಗೋ ವಾಟ್ಸಾಪ್‌ನಾಗ ಕೊಟ್ಟಿದ್ದನ್ನ ಆಕಿ ಓದ್ಯಾಳ. ಇದನ್ನ ನಾನು ಬಹಳ ಕಡೆ ನೋಡೀನಿ, ಅದಕ್ಕ ಈ ಲೇಖನ.

ಮೊದಲು ಒಂದೇ ಫೈಲ್. ಗೂಗಲ್ ಡಾಕ್ಸ್‌ನಾಗ ಒಂದು ಫೈಲ್ ಮಾಡ್ರಿ. ಅದರಾಗ ನಿಮ್ಮ ಬಯೋ, ಅಂದ್ರ ನಿಮ್ಮ ಪರಿಚಯ, ಮೂರು ಅಳತ್ಯಾಗ ಇರಲಿ: ಒಂದು ಸಾಲಿಂದು, ವೇದಿಕೆ ಮ್ಯಾಲೆ ಓದೋಕೆ ಐದಾರು ಸಾಲಿಂದು, ಅರ್ಧ ಪುಟದ್ದು. ಕೆಳಗ ಇದನ್ನ ಎಲ್ಲೆಲ್ಲಿ ಕೊಟ್ಟೀರಿ ಅನ್ನೋ ಪಟ್ಟಿ. ಕನ್ನಡದ್ದನ್ನ ಯೂನಿಕೋಡ್‌ನಾಗೇ ಟೈಪ್ ಮಾಡ್ರಿ. ಡಿಟಿಪಿ ಅಂಗಡ್ಯಾಗ ಹಳೇ ನುಡಿ ಫಾಂಟಿನಾಗ ಹೊಡಿಸಿದ್ದನ್ನ ಕಾಪಿ ಮಾಡಿ ಮೊಬೈಲಿಗೆ ಕಳಿಸಿದ್ರ ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರ ಕಾಣ್ತಾವ, ನಿರೂಪಕರು ಕೊನೇ ಗಳಿಗ್ಯಾಗ ತಮ್ಮ ಹತ್ರ ಇರೋ ಹಳೇದನ್ನೇ ಓದಿಬಿಡ್ತಾರ.

ಯಾವಾಗ ತಿದ್ದಬೇಕು. ಪ್ರಮೋಶನ್ ಲೆಟರ್, ಸರ್ಟಿಫಿಕೇಟ್, ವರ್ಗಾವಣೆ ಆರ್ಡರ್ ಯಾವುದೇ ಕೈಗೆ ಬಂದ ವಾರದೊಳಗ. ಬಾಸ್ ಬಾಯಿಮಾತಿನಾಗ "ಆಗ್ತೈತಿ ನಿಂದು" ಅಂದಾಗ ಅಲ್ಲ. ಹುದ್ದೆ ಹೆಸರನ್ನ ಲೆಟರ್‌ನಾಗ ಇದ್ದಂಗೇ ಬರೀರಿ, ಅಲ್ಲಿ ಡೆಪ್ಯುಟಿ ಮ್ಯಾನೇಜರ್ ಅಂತಿದ್ರ ಬಯೋದಾಗ ಮ್ಯಾನೇಜರ್ ಆಗಬಾರದು, ಮುಂದ ಕೆಲಸ ಬದಲಾಯಿಸುವಾಗ ಹೊಸಾ ಕಂಪನಿ ಎಚ್‌ಆರ್‌ನವರು ಲೆಟರ್ ಇಟ್ಕೊಂಡು ತಾಳೆ ನೋಡ್ತಾರ. ಇದರ ಜೊತೆಗೆ ಎರಡು ಖಾಯಂ ದಿನ ಇಟ್ಕೊಳ್ರಿ, ಫೆಬ್ರವರಿ ಕೊನೇ ಭಾನುವಾರ ಒಂದು, ಅಪ್ರೈಸಲ್ ಲೆಟರ್ ಬಂದ ಮ್ಯಾಲೆ ಒಂದು. ಫೋನ್ ಕ್ಯಾಲೆಂಡರ್‌ನಾಗ ಪ್ರತಿ ವರ್ಷ ರಿಪೀಟ್ ಅಂತ ಹಾಕಿಬಿಡ್ರಿ.

ಸರ್ಟಿಫಿಕೇಟ್ ಬರಿಯುವಾಗ. ಕೋರ್ಸಿಗೆ ಕುಂತಿದ್ದು, ಪರೀಕ್ಷೆ ಪಾಸಾಗಿದ್ದು, ನೋಂದಣಿ ಆಗಿದ್ದು ಮೂರೂ ಬ್ಯಾರೆ ಬ್ಯಾರೆ. ಕೆಲಸದ ಜಾಗದ ಸುರಕ್ಷತೆ, ಆರೋಗ್ಯಕ್ಕಿರೋ ಮಾನದಂಡ ಐಎಸ್‌ಒ 45001ರ ಲೀಡ್ ಆಡಿಟರ್ ಕೋರ್ಸ್ ಐದು ದಿನದ್ದು. ಅದನ್ನ ಪಾಸಾದವರು "ಲೀಡ್ ಆಡಿಟರ್ ಕೋರ್ಸ್ ಪಾಸಾಗಿದ್ದಾರೆ" ಅಂತಷ್ಟೇ ಬರೀಬೇಕು. ನೋಂದಾಯಿತ ಲೀಡ್ ಆಡಿಟರ್ ಅನ್ನಿಸಿಕೊಳ್ಳೋಕೆ ನಿಜವಾದ ಆಡಿಟ್‌ಗಳ ದಾಖಲೆ ಕೊಡಬೇಕಾಗ್ತೈತಿ. ಇನ್ನೂ ಕೆಲವರ ಬಯೋದಾಗ "ಒಎಚ್‌ಎಸ್‌ಎಎಸ್ 18001 ಪರಿಣತರು" ಅಂತ ಐತಿ. 2018ರಾಗ ಐಎಸ್‌ಒ 45001 ಅದರ ಜಾಗಕ್ಕ ಬಂತು, 2021ಕ್ಕ ಹಳೇದು ಪೂರ್ತಿ ನಿಂತೋತು. ಈ ಸಾಲು ಓದಿದ ಆಡಿಟರ್‌ಗೆ, ನೀವು ಅವತ್ತಿನಿಂದ ಹೊಸದೇನೂ ಓದಿಲ್ಲ ಅಂತ ಅನ್ನಿಸ್ತೈತಿ. ಅವಧಿ ಇರೋ ಸರ್ಟಿಫಿಕೇಟ್ ಆದ್ರ ಮುಗಿಯೋ ದಿನಾನ ಮೂಲ ಫೈಲ್‌ನಾಗ ಬರ್ದಿಡ್ರಿ. ಉದಾಹರಣೆಗೆ ಪ್ರಾಜೆಕ್ಟ್ ಮ್ಯಾನೇಜರ್‌ಗಳ ಪಿಎಂಪಿ ಸರ್ಟಿಫಿಕೇಟ್ ಮೂರು ವರ್ಷದ್ದು, ರಿನ್ಯೂ ಮಾಡಿಸದಿದ್ರ ಬಯೋದಿಂದ ತಗೀಬೇಕು.

ಎಲ್ಲರೂ ಎಡವೋದು ಇಲ್ಲಿ. ಪ್ರಮೋಶನ್ ಆದ್ರ ಒಂದು ಪದ ಬದಲಾಯಿಸಿದ್ರ ಸಾಕು. ಆದ್ರ ಕೆಲಸದ ದಿಕ್ಕೇ ಬದಲಾದಾಗ ಜನ ಹಳೇ ಬಯೋದ ಕೊನಿಗೆ ಒಂದು ಸಾಲು ಅಂಟಿಸಿ ಬಿಡ್ತಾರ. ಕೊಪ್ಪಳ ಕಡೆ ಒಬ್ಬ ಇಂಜಿನಿಯರ್ ಮೇಂಟೆನೆನ್ಸ್‌ನಿಂದ ಸೇಫ್ಟಿಗೆ ಹೋದ್ರು ಅಂತ ಇಟ್ಕೊಳ್ರಿ. ಅವರ ಹಳೇ ಬಯೋ ಹಿಂಗಿತ್ತು:

"ಕೊಪ್ಪಳದ ಉಕ್ಕಿನ ಕಾರ್ಖಾನೆಯೊಂದರಲ್ಲಿ ಮೇಂಟೆನೆನ್ಸ್ ಇಂಜಿನಿಯರ್. 8 ವರ್ಷಗಳ ಅನುಭವ. ಪಂಪ್, ಕನ್ವೇಯರ್, ಗೇರ್‌ಬಾಕ್ಸ್ ನಿರ್ವಹಣೆಯಲ್ಲಿ ಪರಿಣತರು. ಬಳ್ಳಾರಿ ಜಿಲ್ಲೆಯ ಹೊಸಪೇಟೆಯವರು."

ಇದಕ್ಕ "ಸೇಫ್ಟಿ ಡಿಪ್ಲೊಮಾ ಸಹ ಮಾಡಿದ್ದಾರೆ, ಈಗ ಡೆಪ್ಯುಟಿ ಮ್ಯಾನೇಜರ್" ಅಂತ ಅಂಟಿಸಿದ್ರ ಕೇಳಿದವರಿಗೆ ಪಂಪ್ ರಿಪೇರಿ ಮಾಡೋರು ಅಂತಲೇ ನೆನಪು ಉಳೀತೈತಿ, ಯಾಕಂದ್ರ ಮೊದಲ ಸಾಲು ಕಿವ್ಯಾಗ ಕುಂತ ಮ್ಯಾಲೆ ಕೊನೇದು ಒಳಗ ಇಳಿಯಂಗಿಲ್ಲ.

ಹಂಗಾಗಿ ಹಳೇದನ್ನ ಮುಚ್ಚಿಟ್ಟು ಮೊದಲ ಸಾಲನ್ನ ಹೊಸದಾಗಿ ಬರೀರಿ. ಇವತ್ತು ಜನ ಯಾವ ಕೆಲಸಕ್ಕ ನಿಮಗ ಫೋನ್ ಮಾಡ್ತಾರ ಅನ್ನೋದೇ ಆ ಸಾಲು. ಆಮ್ಯಾಲೆ ಹಳೇ ಒಂದೊಂದು ಸಾಲನ್ನೂ ತೆಗೆದು, ಇದು ಹೊಸ ಮೊದಲ ಸಾಲಿಗೆ ಬಲ ಕೊಡ್ತೈತಾ ಅಂತ ನೋಡ್ರಿ. ಪಂಪಿನ ಮಾತು ಕೊಡಂಗಿಲ್ಲ, ಅದನ್ನ ಫೈಲ್ ಕೊನಿಗೆ "ಹಳೇದು" ಅನ್ನೋ ಪುಟಕ್ಕ ಹಾಕ್ರಿ, ಅಳಿಸಬ್ಯಾಡ್ರಿ. ಕನ್ವೇಯರ್ ಮಾತು ಕೊಡ್ತೈತಿ. ಬೆಲ್ಟ್ ರಿಪೇರಿಗೆ ಒಬ್ಬ ಒಳಗ ಕೈ ಹಾಕಿರುವಾಗ ಇನ್ನೊಬ್ಬ ಗೊತ್ತಿಲ್ಲದೆ ಸ್ವಿಚ್ ಹಾಕೋ ಅಪಾಯ ಇರತೈತಲ್ಲ, ಅದಕ್ಕ ಸ್ವಿಚ್‌ಗೆ ಬೀಗ ಜಡಿದು ಹೆಸರಿನ ಚೀಟಿ ಕಟ್ಟೋ ಲಾಕೌಟ್-ಟ್ಯಾಗೌಟ್ ಪದ್ಧತಿ ಐತಿ. ವರ್ಷಗಟ್ಟಲೆ ಬೆಲ್ಟ್ ಕೆಳಗ ಕೆಲಸ ಮಾಡಿದವರು ಅದನ್ನ ಕಲಿಸಿದ್ರ ಹುಡುಗರು ನಂಬ್ತಾರ. ಹಂಗಾದ್ರ ಹೊಸಾದು ಹಿಂಗ ಬರ್ತೈತಿ:

"ಕೊಪ್ಪಳದ ಉಕ್ಕಿನ ಕಾರ್ಖಾನೆಯೊಂದರಲ್ಲಿ ಸೇಫ್ಟಿ ವಿಭಾಗದ ಡೆಪ್ಯುಟಿ ಮ್ಯಾನೇಜರ್. ರಿಪೇರಿ ಹೊತ್ತಿನಲ್ಲಿ ಯಂತ್ರ ಚಾಲೂ ಆಗದಂತೆ ತಡೆಯುವ ಲಾಕೌಟ್-ಟ್ಯಾಗೌಟ್ ಬಗ್ಗೆ ಕಾರ್ಮಿಕರಿಗೆ ತರಬೇತಿ ಕೊಡುತ್ತಾರೆ. 2015ರಿಂದ 2023ರವರೆಗೆ ಕನ್ವೇಯರ್ ಮೇಂಟೆನೆನ್ಸ್‌ನಲ್ಲಿದ್ದರು, ಆಮೇಲಿನಿಂದ ಸೇಫ್ಟಿಯಲ್ಲಿದ್ದಾರೆ. 2024ರಲ್ಲಿ ಇಂಡಸ್ಟ್ರಿಯಲ್ ಸೇಫ್ಟಿ ಡಿಪ್ಲೊಮಾ ಪಡೆದರು. ವಿಜಯನಗರ ಜಿಲ್ಲೆಯ ಹೊಸಪೇಟೆಯವರು."

ಇಲ್ಲಿ "8 ವರ್ಷಗಳ ಅನುಭವ" ಹೋಗಿ ಇಸವಿ ಬಂದದ್ದು ನೋಡ್ರಿ. ವರ್ಷದ ಲೆಕ್ಕ ಪ್ರತಿ ವರ್ಷ ಸುಳ್ಳಾಗ್ತೈತಿ, ಇಸವಿ ಆಗಂಗಿಲ್ಲ. ಹೊಸಪೇಟೆ 2021ರಿಂದ ವಿಜಯನಗರ ಜಿಲ್ಲ್ಯಾಗ ಐತಿ, ಅದನ್ನೂ ಬಹಳ ಜನ ತಿದ್ದಿಲ್ಲ.

ಬರೆದದ್ದನ್ನ ನಿಮ್ಮ ಕೆಲಸ ಗೊತ್ತಿಲ್ಲದವರ ಮುಂದ ಒಮ್ಮೆ ಜೋರಾಗಿ ಓದಿ, "ಇವರು ಏನ್ ಮಾಡ್ತಾರ?" ಅಂತ ಕೇಳ್ರಿ. ಹಳೇ ಕೆಲಸ ಹೇಳಿದ್ರ ಮೊದಲ ಸಾಲು ಇನ್ನೂ ಸೊಟ್ಟ ಐತಿ ಅಂತ ಅರ್ಥ. ಇನ್ನೊಂದು ಮಾತು, ಹೊಸ ವಿಷಯ ಬರೀ ಓದ್ತಿದ್ದೀರಿ, ಕೆಲಸ ಇನ್ನೂ ಹಳೇದೇ ಅಂದ್ರ ಮೊದಲ ಸಾಲು ಮುಟ್ಟಬ್ಯಾಡ್ರಿ. ಕೊನಿಗೆ "ಓದುತ್ತಿದ್ದಾರೆ" ಅಂತ ಹಾಕಿದ್ರ ಸಾಕು.

ಆಮ್ಯಾಲೆ ಹಂಚೋದು. ಪಟ್ಟಿ ಹಿಡ್ಕೊಂಡು ಒಂದೊಂದೇ ಕಡೆ ಬದಲಾಯಿಸ್ರಿ. ಲಿಂಕ್ಡ್‌ಇನ್ ಹೆಡ್‌ಲೈನ್‌ಗೆ 220 ಅಕ್ಷರ ಮಿತಿ, ಒಂದು ಸಾಲಿನ ಬಯೋ ಅಲ್ಲಿಗೆ ಸರಿಹೋಗ್ತೈತಿ. ಹುದ್ದೆ ಸೇರಿಸುವಾಗ ನೆಟ್‌ವರ್ಕಿಗೆ ತಿಳಿಸೋ ಬಟನ್ ಇರತೈತಿ, ಪ್ರಮೋಶನ್‌ಗೆ ಆನ್ ಇಡ್ರಿ, ಸಣ್ಣಪುಟ್ಟ ತಿದ್ದೋದಕ್ಕ ಆಫ್ ಮಾಡ್ರಿ, ಇಲ್ಲಾಂದ್ರ ಕಾಗುಣಿತ ತಿದ್ದಿದ್ದಕ್ಕೂ ಅಭಿನಂದನೆ ಬರ್ತಾವ. ಮೇಲ್ ಸಿಗ್ನೇಚರ್ ಮರೀಬ್ಯಾಡ್ರಿ. ಕೌಶಲಕ್ಕ ಶೇಕಡಾ ಪಟ್ಟಿ ಎಳೆದು ತೋರಿಸೋ ರೆಡಿಮೇಡ್ ಡಿಸೈನ್‌ಗಳನ್ನ ಕೊಳ್ಳಬ್ಯಾಡ್ರಿ, ವೆಲ್ಡಿಂಗ್ ಶೇಕಡಾ 80 ಅಂದ್ರ ಯಾರಿಗೂ ಏನೂ ತಿಳಿಯಂಗಿಲ್ಲ.

ಬ್ಯಾರೆಯವರ ಫೋನಿನಾಗ ಹೋಗಿ ಕುಂತ ಪಿಡಿಎಫ್ ತಿದ್ದೋಕೆ ಬರಂಗಿಲ್ಲ. ಅದಕ್ಕ ಪ್ರತಿ ಬಯೋದ ಕೆಳಗ "ಈ ಮಾಹಿತಿ ಜುಲೈ 2025ರದ್ದು" ಅಂತ ತಿಂಗಳು, ಇಸವಿ ಹಾಕ್ರಿ, ಯಾರಾದ್ರೂ ಕಾರ್ಯಕ್ರಮಕ್ಕ ಕರೆದ್ರ ಒಪ್ಪಿಗಿ ಹೇಳೋ ಮೆಸೇಜಿನ ಜೊತಿಗೇ ಹೊಸಾದನ್ನ ಕಳಿಸಿ, ಹಳೇದಿದ್ರ ಡಿಲೀಟ್ ಮಾಡ್ರಿ ಅಂತ ಬರೀರಿ.