ಪ್ರೊಫೈಲ್ ಪರಿಚಯ: ಹೊಗಳಿಕೆಯ ಜಾಗದಲ್ಲಿ ಕೆಲಸವನ್ನು ಬರೆಯಿರಿ

ತೋಟದ ಮೇಲ್ವಿಚಾರಣೆಯ ಹುದ್ದೆಗಾಗಿ ಲಿಂಕ್ಡ್‌ಇನ್‌ನಲ್ಲಿ ಪರಿಚಯ ಬರೆಯುತ್ತಿರುವ ನಮ್ಮ ಗುಂಪಿನ ಕಿರಿಯರು ದಯವಿಟ್ಟು ಇದನ್ನು ಗಮನಿಸಿ. "ಕೊಡಗಿನ ಅತ್ಯುತ್ತಮ ಕಾಫಿ ತಜ್ಞ, ಗುಣಮಟ್ಟದಲ್ಲಿ ರಾಜಿಯಿಲ್ಲದ ನಾಯಕ, ಇಳುವರಿಯನ್ನು ದ್ವಿಗುಣಗೊಳಿಸಿದವನು" ಎಂಬ ಸಾಲನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಪ್ರತಿಯೊಂದು ಹೊಗಳಿಕೆಯ ಎದುರಿಗೆ ಅದಕ್ಕೆ ಆಧಾರವಾದ ಕೆಲಸವನ್ನು ಬರೆಯಿರಿ. ಅಂಥ ಕೆಲಸ ನೆನಪಿಗೆ ಬಾರದಿದ್ದರೆ ಆ ಪದವನ್ನು ಅಳಿಸಿಬಿಡಿ. ಇಳುವರಿಯ ಮಾತನ್ನಂತೂ ಮೊದಲು ತೆಗೆಯಬೇಕು, ಏಕೆಂದರೆ ಹೂಮಳೆ ಸಕಾಲಕ್ಕೆ ಬಿದ್ದ ವರ್ಷ ಅಕ್ಕಪಕ್ಕದ ತೋಟಗಳಲ್ಲೂ ಫಸಲು ಹೆಚ್ಚುತ್ತದೆ ಎಂಬುದು ಸಂದರ್ಶನ ಮಾಡುವ ಮಾಲೀಕರಿಗೆ ಚೆನ್ನಾಗಿ ಗೊತ್ತಿರುತ್ತದೆ.

ತಿದ್ದಿದ ಮೇಲೆ ಅದು ಹೀಗಿರಬಹುದು: "ಸಿದ್ದಾಪುರದ ಬಳಿಯ 60 ಎಕರೆ ರೊಬಸ್ಟಾ ತೋಟದಲ್ಲಿ 6 ವರ್ಷಗಳಿಂದ ರೈಟರ್ ಆಗಿದ್ದೇನೆ. ಕೊಯ್ಲಿನ ಸಮಯದಲ್ಲಿ 40 ಕಾರ್ಮಿಕರ ಹಾಜರಿ, ಹಣ್ಣಿನ ತೂಕ ಮತ್ತು ಕೂಲಿಯ ಲೆಕ್ಕ ನನ್ನ ಹೊಣೆ. ಕಣದಲ್ಲಿ ಒಣಗಿದ ಚೆರಿಯ ತೇವಾಂಶವನ್ನು ಮಾಪಕದಲ್ಲಿ ಪರೀಕ್ಷಿಸಿ, ಅದು ಶೇ. 11ಕ್ಕೆ ಇಳಿದ ನಂತರವೇ ಚೀಲಕ್ಕೆ ತುಂಬಿಸುತ್ತೇನೆ."

ಗುಣಮಟ್ಟ ಎಂಬ ಪದವೇ ಇಲ್ಲದೆ ಕೊನೆಯ ವಾಕ್ಯವು ಗುಣಮಟ್ಟದ ಕಾಳಜಿಯನ್ನು ತೋರಿಸುತ್ತದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಇಡೀ ಪರಿಚಯದ ಬಲ ಇರುವುದು ಅಲ್ಲಿಯೇ. ಹಾಗೆಂದು "ಸ್ವಲ್ಪಮಟ್ಟಿಗೆ ಗೊತ್ತು", "ಪ್ರಯತ್ನಿಸಿದ್ದೇನೆ" ಎಂದು ಕುಗ್ಗಿಸಿ ಬರೆಯಬೇಡಿ. ನೀವೇ ಮಾಡಿದ ಕೆಲಸಕ್ಕೆ "ಮಾಡುತ್ತೇನೆ" ಎಂಬ ನೇರ ಕ್ರಿಯಾಪದವನ್ನೇ ಬಳಸಿ. ತೋಟದ ಅಂಕಿಅಂಶಗಳನ್ನು ಹಾಕುವ ಮೊದಲು ಮಾಲೀಕರ ಒಪ್ಪಿಗೆ ಪಡೆಯಿರಿ.